30×40 ಸೈಟಿನ ತಾರಸಿಯಲ್ಲಿ 20 ಮೀಟರ್ ಉದ್ದದ ಡೈಪೋಲ್

ಮೈಸೂರಿನಲ್ಲಿ ನಮ್ಮ ಬಡಾವಣೆಯಲ್ಲೇ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಹ್ಯಾಮ್ ರೇಡಿಯೋ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಕೈಗೆ ಬಂದಿತ್ತು. 50 ವ್ಯಾಟಿನ ಒಂದು ಹಳೆಯ ಸೆಟ್ಟೂ ಸಿಕ್ಕಿತ್ತು. ಹುಬ್ಬಳ್ಳಿ, ಮಂಗಳೂರು, ಚೆನ್ನೈ ಕಡೆಯವರ ಜೊತೆ ಹಗಲು ಹೊತ್ತು ಮಾತಾಡಬೇಕು ಎಂಬುದು ಅವರ ಆಸೆ. ಅದಕ್ಕೆ ತಕ್ಕದ್ದು 40 ಮೀಟರ್ ಬ್ಯಾಂಡ್, ಅಂದರೆ ನಮ್ಮಲ್ಲಿ 7.0ರಿಂದ 7.2 ಮೆಗಾಹರ್ಟ್ಸ್. ಆಂಟೆನಾ ಅರ್ಧ ತರಂಗದ ಡೈಪೋಲ್ ಆಗಲಿ, ಅಂದರೆ ನಡುವೆ ಕೇಬಲ್ ಸೇರಿ ಎರಡು ಕಡೆಗೆ ಸಮನಾಗಿ ಚಾಚಿದ ತಂತಿ ಇರಲಿ ಅಂತ ಅವರೇ ನಿರ್ಧರಿಸಿಬಿಟ್ಟಿದ್ದರು. ತೊಡಕು ಒಂದೇ. ಮನೆ 30×40 ಸೈಟಿನದು.

"ಉದ್ದಕ್ಕೆ ಕಟ್ಟಿದ್ರೆ 12 ಮೀಟರ್. ಮೂಲೆಯಿಂದ ಮೂಲೆಗೆ ಎಳೆದ್ರೂ 50 ಅಡಿ, ಅಂದ್ರೆ 15 ಮೀಟರ್ ಚಿಲ್ರೆ. ನಂಗೆ ಬೇಕಿರೋದು 20. ಉಳಿದ 5 ಮೀಟರ್‌ನ ಎಲ್ಲಿಂದ ತರ್ಲಿ ಸಾರ್?" ಅಂದರು.

ಅವರ 20 ಮೀಟರ್ ಲೆಕ್ಕ ಸರಿಯಾಗಿತ್ತು. ಬೆಳಕಿನ ವೇಗವನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ತರಂಗದ ಉದ್ದ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಅದು 42.2 ಮೀಟರ್, ಅದರ ಅರ್ಧ 21.1 ಮೀಟರ್. ಆದರೆ ತಂತಿಯನ್ನು 21.1 ಮೀಟರ್‌ಗೆ ಕತ್ತರಿಸಿ ಕಟ್ಟಿದರೆ ರೆಸೊನೆನ್ಸ್, ಅಂದರೆ ತಂತಿ ಶ್ರುತಿಗೂಡುವ ಫ್ರೀಕ್ವೆನ್ಸಿ, 7.1ರಲ್ಲಿ ಬರುವುದಿಲ್ಲ, ಅದಕ್ಕಿಂತ ಕೆಳಗೆ ಬರುತ್ತದೆ. ಅದಕ್ಕೇ ಹ್ಯಾಮ್‌ಗಳು ಸುಮಾರು 5 ಪರ್ಸೆಂಟ್ ಕಡಿಮೆ ಮಾಡಿದ ಈ ಸೂತ್ರ ಇಟ್ಟುಕೊಂಡಿದ್ದಾರೆ:

```
L = 143 / f     (L: m, f: MHz)
143 / 7.1 = 20.14 m
```

ಈ 5 ಪರ್ಸೆಂಟ್ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ಒಂದು ಪಾಲು ತುದಿಗಳದ್ದು. ತಂತಿಯ ತುದಿಯಲ್ಲಿ ಚಾರ್ಜ್ ಗುಡ್ಡೆಯಾಗುತ್ತದೆ, ಅದು ಸುತ್ತಲಿನ ಗಾಳಿಗೂ ಇನ್ಸುಲೇಟರಿಗೂ ಒಂದು ಸಣ್ಣ ಕೆಪಾಸಿಟರ್ ಇದ್ದಂತೆ. ಅದರಿಂದ ತಂತಿ ತನ್ನ ಅಳತೆಗಿಂತ ತುಸು ಉದ್ದ ಇರುವ ಹಾಗೆ ವರ್ತಿಸುತ್ತದೆ. ತಂತಿ ದಪ್ಪವಾದಷ್ಟೂ ಈ ಪರಿಣಾಮ ಜಾಸ್ತಿ. ಮೇಲೆ ಪಿವಿಸಿ ಹೊದಿಕೆ ಇದ್ದರೆ ತಂತಿಯ ಮೇಲೆ ಅಲೆಯ ವೇಗವೇ ಒಂದೆರಡು ಮೂರು ಪರ್ಸೆಂಟ್ ಕುಗ್ಗುತ್ತದೆ. ಹತ್ತಿರದಲ್ಲಿ ಕಾಂಕ್ರೀಟು, ಅದರೊಳಗಿನ ಕಬ್ಬಿಣ, ನೀರಿನ ಟ್ಯಾಂಕಿನ ಪೈಪು ಎಲ್ಲವೂ ತಮ್ಮ ಪಾಲನ್ನು ಸೇರಿಸುತ್ತವೆ. ಹಾಗಾಗಿ 143 ಅನ್ನುವುದು ಎಲ್ಲಿ ಕತ್ತರಿ ಹಿಡಿಯಬೇಕು ಅಂತ ಹೇಳುತ್ತದೆ ಅಷ್ಟೇ. ಕೊನೆಯ ಅಳತೆಯನ್ನು ಆ ತಾರಸಿಯೇ ಹೇಳಬೇಕು.

ಇನ್ನು 5 ಮೀಟರ್ ವಿಷಯ. ತಂತಿಯಲ್ಲಿ ಕರೆಂಟ್ ಹೇಗೆ ಹಂಚಿಕೊಂಡಿರುತ್ತದೆ ಅಂತ ನೋಡದೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ.

ನಡುವಿನಲ್ಲಿ ಕೇಬಲ್ ಸೇರುವ ಜಾಗದಿಂದ ಅಲೆ ಎರಡೂ ಕಡೆಗೆ ಓಡುತ್ತದೆ. ತುದಿ ತಲುಪಿದಾಗ ಮುಂದೆ ದಾರಿಯಿಲ್ಲ. ತಂತಿ ಅಲ್ಲಿಗೆ ಮುಗಿಯಿತು, ಕರೆಂಟ್ ಹರಿಯಲು ಜಾಗವಿಲ್ಲ. ಅಲೆ ತಿರುಗಿ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಎರಡೂ ಒಂದರ ಮೇಲೊಂದು ಕೂಡಿದಾಗ ತುದಿಯಲ್ಲಿ ಕರೆಂಟ್ ಯಾವಾಗಲೂ ಸೊನ್ನೆ. ಉದ್ದ ಸರಿಯಾಗಿ ಅರ್ಧ ತರಂಗ ಇದ್ದರೆ ನಡುವಿನಲ್ಲಿ ಕರೆಂಟ್ ಗರಿಷ್ಠ. ಈ ಆಕಾರ ತಂತಿಯ ಮೇಲೆ ಓಡಾಡುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ. ಇಡೀ ತಂತಿಯ ಕರೆಂಟ್ ಒಟ್ಟಿಗೆ ಏರುತ್ತದೆ, ಒಟ್ಟಿಗೆ ಇಳಿಯುತ್ತದೆ, ಒಟ್ಟಿಗೆ ದಿಕ್ಕು ಬದಲಿಸುತ್ತದೆ. ಎಷ್ಟು ಏರುತ್ತದೆ ಅನ್ನುವುದು ಮಾತ್ರ ಜಾಗದಿಂದ ಜಾಗಕ್ಕೆ ಬೇರೆ. ತಂಬೂರಿಯ ತಂತಿ ಮೀಟಿದಾಗ ನಡುವೆ ಅಗಲವಾಗಿ ಆಡುತ್ತದೆ, ಎರಡು ತುದಿಯಲ್ಲಿ ಅಲ್ಲಾಡುವುದೇ ಇಲ್ಲ. ಡೈಪೋಲಿನ ಕರೆಂಟಿನ ಚಿತ್ರವೂ ಅದೇ.

ವೋಲ್ಟೇಜಿನ ಕಥೆ ತದ್ವಿರುದ್ಧ. ತುದಿಗಳಲ್ಲಿ ಗರಿಷ್ಠ, ನಡುವೆ ಕನಿಷ್ಠ.

ಅಂಕಿಯಲ್ಲಿ ಹೇಳುವುದಾದರೆ, ಬಯಲಿನಲ್ಲಿ ಎತ್ತರಕ್ಕೆ ಕಟ್ಟಿದ ಡೈಪೋಲಿನ ನಡುವಿನ ಪ್ರತಿರೋಧ ಸುಮಾರು 73 ಓಮ್. 50 ವ್ಯಾಟ್ ಕೊಟ್ಟರೆ ನಡುವೆ ಹರಿಯುವ ಕರೆಂಟ್ 0.83 ಆಂಪಿಯರ್. ಡೈಪೋಲಿನ ಒಂದು ಕೈಯಲ್ಲಿ, ಅಂದರೆ ನಡುವಿನಿಂದ ತುದಿಯವರೆಗಿನ ತಂತಿಯಲ್ಲಿ, ಮೂರನೇ ಒಂದು ಭಾಗ ದಾಟಿದಾಗ ಅದು ನಡುವಿನದರ 87 ಪರ್ಸೆಂಟ್. ಅರ್ಧಕ್ಕೆ ಬಂದಾಗ 71. ಮೂರನೇ ಎರಡು ಭಾಗದಲ್ಲಿ 50. ಅಲ್ಲಿಂದ ಮುಂದೆ ಸರ್ರನೆ ಇಳಿದು ತುದಿಯಲ್ಲಿ ಸೊನ್ನೆ. ಕೊಸೈನ್ ಕೋಷ್ಟಕ ಬಲ್ಲವರಿಗೆ ಇದು ಗೊತ್ತಿರುವ ಸಾಲು. ಮೇಷ್ಟ್ರು ಬೆರಳಿನಲ್ಲೇ ಎಣಿಸಿ ತಲೆಯಾಡಿಸಿದರು.

ಆದರೂ ಕಣ್ಣಾರೆ ನೋಡಬೇಕು ಅಂದರು. 7 ಮೆಗಾಹರ್ಟ್ಸ್ ತಂತಿ ಮೇಲೆ ಕಟ್ಟಿದ ಮೇಲೆ ಕೈಗೆ ಸಿಗುವುದಿಲ್ಲ. ಅದಕ್ಕೆ 145 ಮೆಗಾಹರ್ಟ್ಸ್‌ಗೆ ಒಂದು ಪುಟ್ಟ ಡೈಪೋಲ್ ಮಾಡಿದೆವು. 143ನ್ನು 145ರಿಂದ ಭಾಗಿಸಿದರೆ 98.6 ಸೆಂಟಿಮೀಟರ್, ಅಂದರೆ ಒಂದೊಂದು ಕೈ 49. ಹಿತ್ತಾಳೆ ಕಡ್ಡಿ ದಪ್ಪ ಇದ್ದದ್ದರಿಂದ ಒಂದು ಸೆಂಟಿಮೀಟರ್ ಕಡಿಮೆ ಮಾಡಿ ಮರದ ಪಟ್ಟಿಗೆ ಕಟ್ಟಿದೆವು. ಕೈಸೆಟ್ಟಿನಿಂದ ಕಡಿಮೆ ಪವರ್ ಕೊಟ್ಟೆವು. ಎರಡು ಬೆರಳಗಲದ ತಂತಿಯ ಉಂಗುರ, ಒಂದು ಜರ್ಮೇನಿಯಂ ಡಯೋಡ್, ಒಂದು ಮೈಕ್ರೋಆಂಪಿಯರ್ ಮೀಟರ್. ಅಷ್ಟೇ ಸಾಮಾನು. ಉಂಗುರ ಹಿಡಿಯುವುದು ಕಾಂತಕ್ಷೇತ್ರವನ್ನು. ಅದು ಇರುವುದು ಆ ಜಾಗದ ಕರೆಂಟಿಗೆ ತಕ್ಕಂತೆ. ಉಂಗುರವನ್ನು ಕಡ್ಡಿಯಿಂದ ಒಂದೇ ದೂರದಲ್ಲಿ ಹಿಡಿದು ನಿಧಾನಕ್ಕೆ ಸರಿಸಬೇಕು. ನಡುವೆ ಮುಳ್ಳು ಮೇಲೆ ಹೋಯಿತು. ಕೈಯ ಅರ್ಧದವರೆಗೂ ಅಷ್ಟೇನೂ ಇಳಿಯಲಿಲ್ಲ. ಕೊನೆಯ ಒಂದು ಗೇಣು ಇರುವಾಗ ಬೀಳಲು ಶುರುವಾಗಿ ತುದಿಯಲ್ಲಿ ಮಲಗಿಬಿಟ್ಟಿತು. ಡಯೋಡ್ ಇರುವುದರಿಂದ ಮೀಟರಿನ ಅಂಕಿಯನ್ನು ನೇರವಾಗಿ ಕರೆಂಟ್ ಅಂತ ಓದಬಾರದು. ಸಣ್ಣ ಸಿಗ್ನಲ್ಲನ್ನು ಅದು ಇನ್ನೂ ಸಣ್ಣದಾಗಿ ತೋರಿಸುತ್ತದೆ. ಆದರೆ ಇಳಿಜಾರಿನ ರೂಪ ಚೆನ್ನಾಗಿಯೇ ಕಾಣುತ್ತದೆ.

"ಹಾಗಾದ್ರೆ ತುದಿ ತಂತಿ ಸುಮ್ನೆ ಇರೋದಾ?" ಅಂತ ಕೇಳಿದರು. ಸುಮ್ಮನೆ ಅಲ್ಲ. ನಡುವಿನ ಕರೆಂಟ್ ಗರಿಷ್ಠವಾಗುವುದೇ ಆ ತುದಿ ಅಲ್ಲಿಯವರೆಗೆ ಇರುವುದರಿಂದ. ಆದರೆ ರೇಡಿಯೋ ಅಲೆ ಹೊರಗೆ ಚೆಲ್ಲುವುದರಲ್ಲಿ ಅದರ ಪಾಲು ಚಿಕ್ಕದು. ದೂರದಲ್ಲಿ ಸಿಗುವ ಸಿಗ್ನಲ್, ಪ್ರತಿ ತುಂಡಿನ ಕರೆಂಟನ್ನು ಅದರ ಉದ್ದದಿಂದ ಗುಣಿಸಿ ಕೂಡಿದ ಮೊತ್ತಕ್ಕೆ ತಕ್ಕಂತೆ ಇರುತ್ತದೆ. ಈ ಮೊತ್ತದಲ್ಲಿ 71 ಪರ್ಸೆಂಟ್ ಡೈಪೋಲಿನ ನಡುವಿನ ಅರ್ಧ ಭಾಗದಿಂದಲೇ ಬರುತ್ತದೆ. ಹೊರಗಿನ ಅರ್ಧದ ಪಾಲು ಬರೀ 29.

ಇಲ್ಲಿ 5 ಮೀಟರ್ ಪ್ರಶ್ನೆಗೆ ಉತ್ತರ ಸಿಕ್ಕಿತು. ನಡುವಿನ 15 ಮೀಟರ್ ಮೂಲೆಯಿಂದ ಮೂಲೆಗೆ ನೇರವಾಗಿ ಹೋಗಲಿ. ಎರಡೂ ಕಡೆ ಎರಡೂವರೆ ಮೀಟರ್ ಬಾಲ ಮಡಚಿಕೊಳ್ಳಲಿ. ಮಡಚುವ ಜಾಗದಲ್ಲಿ ಕರೆಂಟ್ ಆಗಲೇ 40 ಪರ್ಸೆಂಟಿಗೆ ಇಳಿದಿರುತ್ತದೆ. ನೇರ ಭಾಗ ಉದ್ದದಲ್ಲಿ ಮುಕ್ಕಾಲು ಇದ್ದರೂ ಮೊತ್ತದಲ್ಲಿ ಅದರ ಪಾಲು 92 ಪರ್ಸೆಂಟ್. ಇದರ ಬದಲು ಜಾಗವಿಲ್ಲ ಅಂತ ನಡುವಿನಲ್ಲೇ ತಂತಿಯನ್ನು ಸುತ್ತಿ ಕಟ್ಟಿದ್ದರೆ ಗರಿಷ್ಠ ಕರೆಂಟ್ ಇರುವ ಜಾಗವನ್ನೇ ಹಾಳುಮಾಡಿದಂತೆ ಆಗುತ್ತಿತ್ತು. ಇದನ್ನು ಮಾಡಿದವರನ್ನು ನೋಡಿದ್ದೇನೆ. ಎಸ್‌ಡಬ್ಲ್ಯುಆರ್ ಅನ್ನುವ, ಕೇಬಲ್ಲಿಗೂ ಆಂಟೆನಾಕ್ಕೂ ಇರುವ ಹೊಂದಿಕೆಯ ಅಳತೆಯನ್ನು ಹೇಗೋ ಸರಿಮಾಡಿಕೊಂಡಿರುತ್ತಾರೆ, ಸಿಗ್ನಲ್ ಮಾತ್ರ ಬಡಕಲು.

ಬಾಲವನ್ನು ಎಲ್ಲಿ ಬಿಡುವುದು? ಮೂಲೆಯ ಕಂಬದಿಂದ ನೇರ ಕೆಳಗೆ ಇಳಿಬಿಟ್ಟರೆ ಸುಲಭ, ಮೊತ್ತವೂ ಹೆಚ್ಚು ಕೆಡುವುದಿಲ್ಲ. ಆದರೆ ಅವರ ಕಂಬಗಳ ಎತ್ತರ ಮೂರೂವರೆ ಮೀಟರ್. ತುದಿ ತಾರಸಿಯಿಂದ ಒಂದು ಮೀಟರ್ ಮೇಲೆ ನೇತಾಡುತ್ತದೆ, ಬಟ್ಟೆ ಒಣಹಾಕುವ ಕೈಗೆ ಸಿಗುತ್ತದೆ. ತುದಿಯಲ್ಲೇ ಅಲ್ವಾ ವೋಲ್ಟೇಜ್ ಗರಿಷ್ಠ? 50 ವ್ಯಾಟಿಗೂ ಅಲ್ಲಿ ನೂರಾರು ವೋಲ್ಟ್ ಇರುತ್ತದೆ. ಮುಟ್ಟಿದರೆ ಬೆರಳು ಸುಡುತ್ತದೆ. ಪಿವಿಸಿ ಹೊದಿಕೆ ಇದ್ದರೂ ಅದನ್ನು ನಂಬಬಾರದು. ಹಾಗಾಗಿ ಬಾಲವನ್ನು ಎತ್ತರದಲ್ಲೇ ಇಟ್ಟು, 30 ಅಡಿ ಬದಿಯ ಗುಂಟ ಇನ್ನೊಂದು ಬಿದಿರಿಗೆ ನೈಲಾನ್ ಹಗ್ಗದಿಂದ ಎಳೆದೆವು. ಎರಡು ಬಾಲ ಎದುರುಬದುರು ದಿಕ್ಕಿಗೆ.

ಇದಕ್ಕೆ ಒಂದು ಬೆಲೆ ತೆರಬೇಕಾಯಿತು. ಕರ್ಣಕ್ಕೂ 30 ಅಡಿ ಬದಿಗೂ ನಡುವಿನ ಕೋನ 53 ಡಿಗ್ರಿ. ಅಂದರೆ ಬಾಲ ಸ್ವಲ್ಪ ಹಿಂದಕ್ಕೆ ಮಡಚಿದಂತೆ. ಬಾಲದ ಕರೆಂಟಿನ ಒಂದು ಪಾಲು ನೇರ ಭಾಗದ ಕರೆಂಟಿಗೆ ಎದುರಾಗಿ ಹರಿಯುತ್ತದೆ. ಬಾಲದ 8 ಪರ್ಸೆಂಟಿನಲ್ಲಿ ಸುಮಾರು 5 ಹೀಗೆ ಕಳೆಯುತ್ತದೆ, 92 ಹೋಗಿ 87 ಆಗುತ್ತದೆ. ಕೇಳಲು ನಷ್ಟ ಅನ್ನಿಸುತ್ತದೆ. ಆದರೆ ಮೊತ್ತ ಕುಗ್ಗಿದಾಗ ನಡುವಿನ ಪ್ರತಿರೋಧವೂ ಕುಗ್ಗುತ್ತದೆ, ಅದೇ 50 ವ್ಯಾಟಿಗೆ ಕರೆಂಟ್ ಜಾಸ್ತಿ ಹರಿಯುತ್ತದೆ. ತಂತಿ ತಾಮ್ರದ್ದು, ಅದರಲ್ಲಿ ಶಾಖವಾಗಿ ಹೋಗುವುದು ಕಡಿಮೆ. ಹಾಗಾಗಿ ಹೊರಹೋಗುವ ಪವರ್ ಬಹುಪಾಲು ಹಾಗೇ ಉಳಿಯುತ್ತದೆ. ಪ್ರತಿರೋಧ ಮೊತ್ತದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 73 ಓಮ್ ಲೆಕ್ಕದಲ್ಲಿ 55ರ ಸುಮಾರಿಗೆ ಬರಬೇಕು. 50 ಓಮ್ ಕೇಬಲ್ಲಿಗೆ ಅದೇ ಇನ್ನೂ ಚೆನ್ನಾಗಿ ಹೊಂದುತ್ತದೆ. ತಾರಸಿಯ ಕಾಂಕ್ರೀಟ್ ಕೆಳಗೆ ಇರುವಾಗ ಈ ಲೆಕ್ಕ ಪಕ್ಕಾ ಅಲ್ಲ, ದಿಕ್ಕು ಮಾತ್ರ ಸರಿ.

ತಂತಿ ಮನೆ ವೈರಿಂಗಿನದೇ, 1.5 ಚದರ ಮಿಲಿಮೀಟರ್, ಪಿವಿಸಿ ಹೊದಿಕೆ. ಸೂತ್ರದ ಅಳತೆಗಿಂತ ಉದ್ದ ಇಟ್ಟು, ಒಂದೊಂದು ಕೈ 10.4 ಮೀಟರ್ ಕತ್ತರಿಸಿದೆವು. ಒಟ್ಟು 20.8. ನಡುವೆ ಕೇಬಲ್ ಸೇರುವಲ್ಲಿ ಒಂದು ಫೆರೈಟ್ ರಿಂಗಿಗೆ ಕೇಬಲ್ಲನ್ನೇ ಹಲವು ಸುತ್ತು ಸುತ್ತಿ ಚೋಕ್ ಮಾಡಿದೆವು. ಇದಿಲ್ಲದಿದ್ದರೆ ಕೇಬಲ್ಲಿನ ಹೊರಗಿನ ಜಾಲರಿಯ ಮೇಲೂ ಕರೆಂಟ್ ಹರಿದು ಅದು ಮೂರನೇ ಕೈ ಆಗಿಬಿಡುತ್ತದೆ. ಆಮೇಲೆ ಏನನ್ನು ಅಳೆಯುತ್ತಿದ್ದೇವೆ ಅಂತಲೇ ತಿಳಿಯುವುದಿಲ್ಲ. ಪರೀಕ್ಷೆ ಸುಲಭ. ಅಳೆಯುವಾಗ ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿದು ನೋಡಬೇಕು. ಪರದೆಯ ಮೇಲಿನ ಗೆರೆ ಅಲ್ಲಾಡಿದರೆ ಚೋಕ್ ಸಾಲದು ಅಂತ ಅರ್ಥ. ಇಲ್ಲಿ ಅಲ್ಲಾಡಲಿಲ್ಲ.

ನ್ಯಾನೋ ವಿಎನ್‌ಎ ಅನ್ನುವ, ಆಂಟೆನಾ ಅಳೆಯುವ ಪುಟ್ಟ ಉಪಕರಣ ಹಾಕಿ 6.5ರಿಂದ 7.5ರವರೆಗೆ ನೋಡಿದೆವು. ಎಸ್‌ಡಬ್ಲ್ಯುಆರ್ ಗೆರೆ 6.92ರಲ್ಲಿ ತಗ್ಗಿತ್ತು. ಬೇಕಾದದ್ದು 7.1. ಇಲ್ಲಿಂದ ಮುಂದೆ ಸೂತ್ರವನ್ನು ಬದಿಗಿಟ್ಟು ಈ ತಾರಸಿಯದೇ ಗುಣಾಂಕ ಹಿಡಿಯಬೇಕು:

```
20.8 × 6.92 / 7.10 = 20.27 m
```

ಅಂದರೆ ಒಟ್ಟು 53 ಸೆಂಟಿಮೀಟರ್ ಹೋಗಬೇಕು, ಒಂದೊಂದು ಕಡೆಯಿಂದ 26. "ಕತ್ತರಿಸಿಯೇ ಬಿಡೋಣ್ವಾ?" ಅಂದರು ಮೇಷ್ಟ್ರು. ಒಂದೇ ಸಲಕ್ಕೆ ಬೇಡ ಅಂದೆ. ಮೊದಲು 20 ಸೆಂಟಿಮೀಟರ್ ತೆಗೆದೆವು. ತಗ್ಗು 7.05ಕ್ಕೆ ಬಂತು. ಲೆಕ್ಕದಂತೆಯೇ. ಆಮೇಲೆ ಇನ್ನೊಂದು 6 ಸೆಂಟಿಮೀಟರ್. 7.10. ಒಂದೊಂದು ಕೈ ಈಗ 10.14 ಮೀಟರ್. ಎಸ್‌ಡಬ್ಲ್ಯುಆರ್ ತಗ್ಗಿನಲ್ಲಿ 1.2ರ ಆಸುಪಾಸು. ಈ ಬ್ಯಾಂಡಿನಲ್ಲಿ 10 ಕಿಲೋಹರ್ಟ್ಸ್ ಸರಿಸಲು ಒಂದೊಂದು ಕಡೆಯಿಂದ ಒಂದೂವರೆ ಸೆಂಟಿಮೀಟರ್ ಸಾಕು ಅನ್ನುವುದು ನೆನಪಿಡಬೇಕಾದ ಅಳತೆ. ಮಳೆಯಲ್ಲಿ ನೆಂದ ತಂತಿಯಲ್ಲಿ ತಗ್ಗು ಸ್ವಲ್ಪ ಕೆಳಗೆ ಜಾರುತ್ತದೆ, ಒಣಗಿದ ಮೇಲೆ ವಾಪಸ್ ಬರುತ್ತದೆ. ಆ ಹೊತ್ತಿನಲ್ಲಿ ಕತ್ತರಿ ಹಿಡಿಯಬಾರದು.

ಹುಬ್ಬಳ್ಳಿ, ಚೆನ್ನೈ ಎರಡೂ ಆರಾಮಾಗಿ ಸಿಕ್ಕವು. ತಂತಿ ನೆಲದಿಂದ ಸುಮಾರು ಕಾಲು ತರಂಗದ ಎತ್ತರದಲ್ಲಿದೆ. ಈ ಎತ್ತರದಲ್ಲಿ ಸಿಗ್ನಲ್ ಬಹುಪಾಲು ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ ಬಡಿದು, ಕೆಲವು ನೂರು ಕಿಲೋಮೀಟರ್ ಸುತ್ತಮುತ್ತ ಬೀಳುತ್ತದೆ. ಹಾಗಾಗಿ ಕರ್ಣ ಯಾವ ದಿಕ್ಕಿಗಿದೆ ಅನ್ನುವುದು ಅಷ್ಟು ಮುಖ್ಯವಾಗಲಿಲ್ಲ.

ಒಂದೆರಡು ವಾರ ಕಳೆದ ಮೇಲೆ ಅವರಿಂದ ಇನ್ನೊಂದು ಪ್ರಶ್ನೆ ಬಂತು. "14 ಮೆಗಾಹರ್ಟ್ಸ್‌ಗೆ ಹಾಕಿದ್ರೆ ಎಸ್‌ಡಬ್ಲ್ಯುಆರ್ ಮೀಟರ್ ಕಿತ್ತುಕೊಂಡು ಹೋಗುತ್ತೆ. 21ಕ್ಕೆ ಹಾಕಿದ್ರೆ ಪರವಾಗಿಲ್ಲ. ಎರಡರಷ್ಟಕ್ಕೆ ಆಗದ್ದು ಮೂರರಷ್ಟಕ್ಕೆ ಹೇಗಾಗುತ್ತೆ?"

ಇದಕ್ಕೂ ಉತ್ತರ ಕರೆಂಟಿನ ಆಕಾರದಲ್ಲೇ ಇದೆ. ಫ್ರೀಕ್ವೆನ್ಸಿ ಏನೇ ಇರಲಿ, ತುದಿಯಲ್ಲಿ ಕರೆಂಟ್ ಸೊನ್ನೆ ಆಗಲೇಬೇಕು. ಅಲ್ಲಿಂದ ಒಳಗೆ ಎಣಿಸುತ್ತಾ ಬರಬೇಕು. 14 ಮೆಗಾಹರ್ಟ್ಸ್‌ನಲ್ಲಿ ಒಂದೊಂದು ಕೈಯೂ ಸುಮಾರು ಅರ್ಧ ತರಂಗ. ತುದಿಯಲ್ಲಿ ಸೊನ್ನೆ, ಕೈಯ ನಡುವೆ ಗರಿಷ್ಠ, ಕೇಬಲ್ ಸೇರುವಲ್ಲಿ ಮತ್ತೆ ಕನಿಷ್ಠ. ಅಲ್ಲಿ ಕರೆಂಟ್ ಚೂರೇ ಚೂರು, ವೋಲ್ಟೇಜ್ ಜಾಸ್ತಿ. ಪ್ರತಿರೋಧ ಸಾವಿರಾರು ಓಮ್. 50 ಓಮ್ ಕೇಬಲ್ಲಿಗೂ ಅದಕ್ಕೂ ಹೊಂದಿಕೆಯೇ ಇಲ್ಲ. ತಂತಿ ಅಲೆ ಚೆಲ್ಲಲು ತಯಾರಿದೆ, ಪವರ್ ಅಲ್ಲಿಗೆ ಸೇರುತ್ತಿಲ್ಲ. 21ರಲ್ಲಿ ಒಂದೊಂದು ಕೈ ಮುಕ್ಕಾಲು ತರಂಗ. ತುದಿಯಿಂದ ಎಣಿಸಿ ಬಂದರೆ ನಡುವೆ ಮತ್ತೆ ಗರಿಷ್ಠ ಬೀಳುತ್ತದೆ. ಪ್ರತಿರೋಧ 100 ಓಮಿನ ಸುಮಾರು. ಅದಕ್ಕೇ ಪರವಾಗಿಲ್ಲ.

ಆದರೆ ಅಳೆದಾಗ ತಗ್ಗು 21.3ರಲ್ಲಿ ಇರಲಿಲ್ಲ, 21.62ರಲ್ಲಿತ್ತು. 21 ಮೆಗಾಹರ್ಟ್ಸ್‌ನ 15 ಮೀಟರ್ ಬ್ಯಾಂಡ್ 21.45ಕ್ಕೇ ಮುಗಿಯುತ್ತದೆ. 7.1ರ ಮೂರರಷ್ಟು 21.3 ಅಲ್ವಾ, ಮತ್ತೆ ಮೇಲೆ ಯಾಕೆ ಹೋಯಿತು? ತಂತಿಯನ್ನು ಉದ್ದವಾಗಿ ತೋರಿಸುವ ಆ ತುದಿಯ ಕೆಪಾಸಿಟರ್ ಇರುವುದು ಎರಡು ತುದಿಯಲ್ಲಿ ಮಾತ್ರ. 7ರಲ್ಲಿ ಒಂದೇ ಅರ್ಧ ತರಂಗಕ್ಕೆ ಎರಡು ತುದಿ. 21ರಲ್ಲಿ ಮೂರು ಅರ್ಧ ತರಂಗ ಸಾಲಾಗಿವೆ, ಅವುಗಳಿಗೆಲ್ಲ ಸೇರಿ ತುದಿ ಎರಡೇ. ನಡುವಿನದಕ್ಕೆ ತುದಿಯೇ ಇಲ್ಲ. ಹೀಗಾಗಿ ಅಲ್ಲಿ ತಂತಿ ಬೇಕಾದದ್ದಕ್ಕಿಂತ ಗಿಡ್ಡವಾಗುತ್ತದೆ. ಉದ್ದ ಮಾಡಿದರೆ 21 ಸರಿಹೋಗುತ್ತದೆ, 7 ಕೆಡುತ್ತದೆ.

ದಾರಿ ಇದೆ. ನಡುವಿನಿಂದ ಕೈಯ ಮೂರನೇ ಒಂದು ಭಾಗ, ಅಂದರೆ 3.38 ಮೀಟರ್ ದೂರ ನೋಡಿ. 21ರಲ್ಲಿ ಅಲ್ಲಿ ಕರೆಂಟ್ ಸೊನ್ನೆ, ವೋಲ್ಟೇಜ್ ಗರಿಷ್ಠ. 7ರಲ್ಲಿ ಅದೇ ಜಾಗದಲ್ಲಿ ವೋಲ್ಟೇಜ್ ತುದಿಯ ಅರ್ಧ ಮಾತ್ರ. ಅಲ್ಲಿ ಒಂದೊಂದು ಗಿಡ್ಡ ತಂತಿ ನೇತುಹಾಕಿದರೆ ಅದು ಸಣ್ಣ ಕೆಪಾಸಿಟರ್ ಆಗುತ್ತದೆ. ಕೆಪಾಸಿಟರ್ ರೆಸೊನೆನ್ಸನ್ನು ಎಷ್ಟು ಎಳೆಯುತ್ತದೆ ಅನ್ನುವುದು ಅಲ್ಲಿನ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ಅರ್ಧದ ವರ್ಗ ಕಾಲು. 21ರಲ್ಲಿ ಎಷ್ಟು ಪರ್ಸೆಂಟ್ ಇಳಿಯುತ್ತದೋ 7ರಲ್ಲಿ ಅದರ ಕಾಲು ಭಾಗ ಮಾತ್ರ ಇಳಿಯಬೇಕು.

ಆ ಜಾಗದಲ್ಲಿ ಹೊದಿಕೆ ಸುಲಿದು, ಗೇಣುದ್ದದ ತಂತಿಗಳನ್ನು ಬೆಸುಗೆ ಹಾಕಿ, ಮೇಲೆ ಟೇಪ್ ಸುತ್ತಿದೆವು. ಎರಡೂ ಕಡೆ ಒಂದೇ ಉದ್ದ. ಸಾಲದಾದಾಗ ಸ್ವಲ್ಪ ಸ್ವಲ್ಪವೇ ಉದ್ದ ಮಾಡಿದೆವು. 21.62 ಇದ್ದದ್ದು 21.25ಕ್ಕೆ ಇಳಿಯಿತು, ಅಂದರೆ 1.7 ಪರ್ಸೆಂಟ್. 7.10 ಇದ್ದದ್ದು 7.07 ಆಯಿತು, ಅದು 0.4. ಮೇಷ್ಟ್ರು ಕಾಗದದ ಮೇಲೆ ಭಾಗಿಸಿ ನೋಡಿ "ಕಾಲು ಭಾಗವೇ ಬಂತಲ್ರೀ" ಅಂತ ಖುಷಿಪಟ್ಟರು.

7ನ್ನು ವಾಪಸ್ ಮೇಲೆ ತರಲು ಎರಡೂ ತುದಿಯಿಂದ 4 ಸೆಂಟಿಮೀಟರ್‌ಗಿಂತ ತುಸು ಜಾಸ್ತಿ ತೆಗೆದೆವು. ತುದಿ ಕತ್ತರಿಸಿದಾಗ 21 ಕೂಡ ಸ್ವಲ್ಪ ಮೇಲೆ ಹೋಗುತ್ತದೆ. ಅದಕ್ಕೆ ಜಾಗ ಇಟ್ಟುಕೊಂಡೇ 21.25ರವರೆಗೆ ಇಳಿಸಿದ್ದೆವು. ಕೊನೆಗೆ ತಗ್ಗುಗಳು 7.10 ಮತ್ತು 21.34ರಲ್ಲಿ ನಿಂತವು. 14 ಮೆಗಾಹರ್ಟ್ಸ್‌ಗೆ ಈ ತಂತಿಯಲ್ಲಿ ಏನೂ ಮಾಡಲು ಆಗುವುದಿಲ್ಲ. ಅದೇ ಕೇಬಲ್ಲಿಗೆ, ನಡುವಿನಲ್ಲೇ, ಒಂದೊಂದು ಕೈ 5 ಮೀಟರಿನ ಇನ್ನೊಂದು ಜೋಡಿ ತಂತಿಯನ್ನು ಸೇರಿಸಿ ಬೇರೆ ದಿಕ್ಕಿಗೆ ಎಳೆಯಬೇಕು. ಅದಕ್ಕೆ 12 ಮೀಟರ್ ಉದ್ದದ ತಾರಸಿ ಧಾರಾಳ.